ಫಿಟ್‌ಮೆಂಟ್: 2.57 ಮತ್ತು 1.585ರ ಜಗಳ

‘ಕೇಂದ್ರದವರಿಗೆ 2.57 ಕೊಟ್ಟರು, ನಮಗೆ ಬರೀ 1.585’ ಎಂಬ ಗೊಣಗಾಟ ಹುಬ್ಬಳ್ಳಿ-ಧಾರವಾಡದ ರಾಜ್ಯ ಸರ್ಕಾರಿ ಕಚೇರಿಗಳಲ್ಲಿ ಇನ್ನೂ ನಿಂತಿಲ್ಲ. ಎರಡೂ ಹಳೆಯ ಮೂಲ ವೇತನವನ್ನು ಗುಣಿಸಿ ಹೊಸದನ್ನು ಕಂಡುಕೊಳ್ಳುವ ಗುಣಕಗಳೇ ಹೌದು. ಆದರೆ ಅವನ್ನು ಹಾಗೇ ಎದುರುಬದುರು ಇಟ್ಟು ಹೋಲಿಸುವಂತಿಲ್ಲ.

ಗುಣಕದ ಹೊಟ್ಟೆಯಲ್ಲಿ ಹಳೆಯ ತುಟ್ಟಿಭತ್ಯೆಯೂ ಸೇರಿರುತ್ತದೆ. 2016ರಲ್ಲಿ ಕೇಂದ್ರದ ಏಳನೇ ವೇತನ ಆಯೋಗ ಮೂಲ ವೇತನಕ್ಕೆ ವಿಲೀನ ಮಾಡಿದ್ದು ಶೇ 125 ತುಟ್ಟಿಭತ್ಯೆ. ಅಂದರೆ 2.57ರಲ್ಲಿ 2.25 ನೌಕರನ ಕೈಗೆ ಮೊದಲೇ ಬರುತ್ತಿದ್ದ ದುಡ್ಡು. ಅದರ ಮೇಲೆ ಸಿಕ್ಕ ನಿಜವಾದ ಏರಿಕೆ ಸುಮಾರು ಶೇ 14. ನಮ್ಮ ರಾಜ್ಯದ ಏಳನೇ ಆಯೋಗದ ಲೆಕ್ಕದಲ್ಲಿ ವಿಲೀನವಾದ ತುಟ್ಟಿಭತ್ಯೆ ಶೇ 31, ಹೊಸದಾಗಿ ಕೊಟ್ಟ ಏರಿಕೆ ಅಂದರೆ ಫಿಟ್‌ಮೆಂಟ್ ಶೇ 27.5. ಎರಡೂ ಹಳೆಯ ಮೂಲ ವೇತನದ ಮೇಲೆಯೇ, ಕೂಡಿದರೆ 1.585. ಇದನ್ನು 1.31ರಿಂದ ಭಾಗಿಸಿ ನೋಡಿ, ಏರಿಕೆ ಶೇ 21. ಚಿಕ್ಕದಾಗಿ ಕಾಣುವ ಗುಣಕವೇ ಹೆಚ್ಚು ಕೊಟ್ಟಿದೆ! ‘ಶೇ 58.5 ಸಂಬಳ ಏರಿತು’ ಎಂದು ಹೊರಗಿನವರು ಹೊಟ್ಟೆಕಿಚ್ಚು ಪಡುವುದೂ ಇದೇ ಗೊಂದಲದ ಇನ್ನೊಂದು ಮುಖ.

ಇನ್ನು ಲೆಕ್ಕದ ಕೊನೆಯ ಮೆಟ್ಟಿಲು. ಗದಗಿನ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿಯ ಮೂಲ ವೇತನ 2022ರ ಜುಲೈ 1ಕ್ಕೆ 25,800 ರೂಪಾಯಿ ಇತ್ತು ಎನ್ನಿ. ಆಯೋಗದ ಆರ್ಥಿಕ ಲಾಭ ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದಲಾದರೂ ವೇತನ ನಿಗದಿಗೆ ಹಿಡಿಯಬೇಕಾದದ್ದು 2022ರ ಜುಲೈ 1ರ ಮೂಲ ವೇತನವನ್ನೇ. ತುಟ್ಟಿಭತ್ಯೆ 7,998, ಫಿಟ್‌ಮೆಂಟ್ 7,095 ಸೇರಿದರೆ 40,893. ಇಲ್ಲಿ ಕೆಲವರು ‘ರೌಂಡ್ ಮಾಡಿ 40,900’ ಅನ್ನುತ್ತಾರೆ. ಮಾಡಬಾರದು. ಹೊಸ ವೇತನ ಶ್ರೇಣಿಯಲ್ಲಿ 40,300 ಆದ ಮೇಲೆ ಇರುವ ಹಂತ 41,300. ನಡುವೆ ಏನೂ ಇಲ್ಲ. ಹಾಗಾಗಿ ವೇತನ ನಿಗದಿಯಾಗುವುದು 41,300ಕ್ಕೆ. ಅಂದರೆ 407 ರೂಪಾಯಿ ಹೆಚ್ಚು. ಮುಂದಿನ ವಾರ್ಷಿಕ ವೇತನ ಬಡ್ತಿ, ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಎಲ್ಲಕ್ಕೂ ಆಧಾರ ಇದೇ 41,300.

ಈ ಹೆಚ್ಚುವರಿ ಎಲ್ಲರಿಗೂ ಒಂದೇ ಅಲ್ಲ. 21,400 ಇದ್ದವರಿಗೆ ಲೆಕ್ಕ 33,919 ಬಂದು ಹಂತ 34,100 ಆಗುತ್ತದೆ. ಸಿಗುವುದು 181 ರೂಪಾಯಿ ಅಷ್ಟೇ. 37,900 ಇದ್ದವರಿಗೆ ಬರುವುದು 60,071.50, ಹಂತ 61,300, ಅಲ್ಲಿ 1,228.50 ಹೆಚ್ಚು. ಮೇಲೆ ಹೋದಂತೆ ಹಂತಗಳ ನಡುವಿನ ಅಂತರ ದೊಡ್ಡದು, ಅಲ್ಲಿ 1,500. ಹಾಗಂತ ಇದರಲ್ಲಿ ಯಾರ ಕೃಪೆಯೂ ಇಲ್ಲ, ಯಾರ ಮೋಸವೂ ಇಲ್ಲ.

ನಿಮ್ಮ ವೇತನ ನಿಗದಿ ತಖ್ತೆಯಲ್ಲಿ ಹೊಸ ಮೂಲ ವೇತನ 40,893 ಎಂದೋ 40,900 ಎಂದೋ ಬರೆದಿದ್ದರೆ, ಸಹಿ ಹಾಕುವ ಮೊದಲೇ ಗುಮಾಸ್ತರ ಮೇಜಿಗೆ ವಾಪಸ್ ಕಳಿಸಿ. ಆ ಅಂಕಿ ಶ್ರೇಣಿಯಲ್ಲೇ ಇಲ್ಲ.