ಕಣ್ಣಿನ ಮೇಲೆ ಕಣ್ಣು, ಬಾಯಿಯ ಮೇಲೆ ಬಾಯಿ: ಎರಡು ಮುಖ ಬೆರೆಸುವ ಮುಂಚಿನ ಕೆಲಸ

ಒಬ್ಬರ ಮುಖವನ್ನು ಇನ್ನೊಬ್ಬರ ಫೋಟೊಗೆ ಕೂರಿಸುವುದು, ಇಬ್ಬರ ಮುಖ ಬೆರೆಸಿ ಮೂರನೆಯದೊಂದು ಮಾಡುವುದು ಈಗ ಫೋನಿನಲ್ಲೇ ಆಗುತ್ತದೆ. ಇದರ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಬ್ಲೆಂಡಿಂಗ್ ಕಡೆಗೇ ಹೋಗುತ್ತದೆ. ಬಣ್ಣ ಹೇಗೆ ಹೊಂದಿಸಿದರು, ಅಂಚು ಹೇಗೆ ಮಾಯ ಮಾಡಿದರು, ಅದೇ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಎರಡೂ ಮುಖಗಳ ಕಣ್ಣು, ಮೂಗು, ಬಾಯಿ ಒಂದೇ ಜಾಗಕ್ಕೆ ಬರಬೇಕು. ಅದು ತಪ್ಪಿದರೆ ಎಷ್ಟೇ ಒಳ್ಳೆಯ ಬ್ಲೆಂಡಿಂಗ್ ಮಾಡಿದರೂ ನಾಲ್ಕು ಕಣ್ಣಿನ ಮುಖವೇ ಸಿಗುವುದು. ಈ ಕೆಲಸಕ್ಕೆ ಸುಮಾರು ನೂರೈವತ್ತು ವರ್ಷದ ಇತಿಹಾಸ ಇದೆ, ಮತ್ತು ಅದು ಈಗ ಪಾಸ್‌ಪೋರ್ಟ್ ಕಚೇರಿಯವರೆಗೂ ಬಂದು ನಿಂತಿದೆ.

ಶುರುವಾಗಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1878ರಲ್ಲಿ ಮುಖಗಳನ್ನು ಬೆರೆಸುವ ತನ್ನ ವಿಧಾನವನ್ನು ಪ್ರಕಟಿಸಿದ. ಜೈಲು ಆಡಳಿತದಿಂದ ಕೈದಿಗಳ ಫೋಟೊಗಳನ್ನು ಪಡೆದು, ಒಂದೇ ಭಂಗಿಯವನ್ನು ಆರಿಸಿಕೊಂಡು, ಎಲ್ಲವನ್ನೂ ಒಂದೇ ಅಳತೆಗೆ ತಂದ. ಅಳತೆಗೆ ಹಿಡಿದದ್ದು ಎರಡು ಗೆರೆ: ಒಂದು ಕಣ್ಣಿನ ಪಾಪೆಗಳ ಮೇಲೆ ಹಾಯುವುದು, ಇನ್ನೊಂದು ತುಟಿಗಳ ನಡುವೆ ಹಾಯುವುದು. ಆಮೇಲೆ ಫೋಟೊಗಳನ್ನು ಬೆಳಕಿಗೆ ಹಿಡಿದು, ಕಣ್ಣಿನ ಮುಂದೆ ಕಣ್ಣು, ಬಾಯಿಯ ಮುಂದೆ ಬಾಯಿ ಬರುವಂತೆ ಜೋಡಿಸಿ, ಒಂದು ಅಂಚಿಗೆ ಅಂಟುಪಟ್ಟಿ ಹಾಕಿ ಪುಸ್ತಕದ ಹಾಗೆ ಮಾಡಿದ. ಒಂದು ಚಿತ್ರಕ್ಕೆ 80 ಸೆಕೆಂಡು ಬೆಳಕು ಬೇಕು ಅಂದರೆ ಎಂಟು ಚಿತ್ರಗಳಿಗೆ ತಲಾ 10 ಸೆಕೆಂಡು. ಹಾಳೆ ತಿರುಗಿಸುತ್ತಾ ಹೋದರೆ ಒಂದೇ ಫೋಟೊ ಪ್ಲೇಟಿನ ಮೇಲೆ ಎಂಟೂ ಮುಖ ಬೆರೆತವು. ಅವನಿಗೆ ಬೇಕಿದ್ದದ್ದು ‘ಅಪರಾಧಿಯ ಮುಖ’. ಸಿಕ್ಕಿದ್ದು ಮಾತ್ರ ಮೂಲದವರಿಗಿಂತ ಸೌಮ್ಯವಾದ, ಸಾಧಾರಣ ಮನುಷ್ಯನ ಮುಖ. ಕ್ರೌರ್ಯ ಅಂತ ಅವನು ಅಂದುಕೊಂಡಿದ್ದೆಲ್ಲ ಸರಾಸರಿಯಲ್ಲಿ ಕರಗಿಹೋಗಿತ್ತು. ಅವನ ಆ ಹುಡುಕಾಟ ಬಿದ್ದುಹೋಯಿತು, ಬೀಳಲೇಬೇಕಿತ್ತು. ಉಳಿದದ್ದು ಜೋಡಿಸುವ ವಿಧಾನ.

ಅದರ ಮಿತಿಯನ್ನು ಒಂದು ಲೆಕ್ಕದಲ್ಲೇ ನೋಡಿಬಿಡೋಣ, ಮುಂದಿನದೆಲ್ಲ ಸುಲಭವಾಗುತ್ತದೆ. ಮೂಲ ಫೋಟೊದಲ್ಲಿ ಎರಡು ಕಣ್ಣುಗಳ ನಡುವೆ 80 ಪಿಕ್ಸೆಲ್, ಕಣ್ಣಿನಿಂದ ಬಾಯಿಗೆ 90 ಪಿಕ್ಸೆಲ್ ಇದೆ ಅಂದುಕೊಳ್ಳಿ. ಸ್ವಲ್ಪ ಉದ್ದ ಮುಖ. ಅದನ್ನು ಕೂರಿಸಬೇಕಾದ ಫೋಟೊದಲ್ಲಿ ಎರಡೂ 120 ಪಿಕ್ಸೆಲ್. ಕಣ್ಣುಗಳನ್ನು ಹೊಂದಿಸಿದರೆ ಮೂಲವನ್ನು ಒಂದೂವರೆ ಪಟ್ಟು ದೊಡ್ಡದು ಮಾಡಬೇಕು. ಆಗ ಬಾಯಿ 135ಕ್ಕೆ ಹೋಗುತ್ತದೆ, ಅಂದರೆ ಇರಬೇಕಾದ ಜಾಗಕ್ಕಿಂತ 15 ಪಿಕ್ಸೆಲ್ ಕೆಳಗೆ. ಎರಡು ಜೊತೆ ತುಟಿ! ಗಾಲ್ಟನ್ ಥರ ಕಣ್ಣು-ಬಾಯಿಯ ದೂರವನ್ನು ಹೊಂದಿಸಿದರೆ ಬಾಯಿ ಸರಿಯಾಗಿ ಕೂರುತ್ತದೆ, ಆದರೆ ಕಣ್ಣುಗಳ ನಡುವಿನ ದೂರ 107ರ ಹತ್ತಿರ ನಿಲ್ಲುತ್ತದೆ, ಪ್ರತಿ ಕಣ್ಣೂ ಸುಮಾರು 7 ಪಿಕ್ಸೆಲ್ ಒಳಗೆ ಸರಿಯುತ್ತದೆ. ಚಿತ್ರವನ್ನು ತಿರುಗಿಸಬಹುದು, ಸರಿಸಬಹುದು, ಹಿಗ್ಗಿಸಬಹುದು. ಅಷ್ಟರಿಂದ ಒಬ್ಬರ ಮುಖದ ಪ್ರಮಾಣ ಇನ್ನೊಬ್ಬರದಾಗುವುದಿಲ್ಲ.

ಮುಂದಿನ ನೂರು ವರ್ಷ ಇದೇ ಮಿತಿಯೊಳಗೇ ಕಳೆಯಿತು. 1980ರ ದಶಕದಲ್ಲಿ ಕಲಾವಿದೆ ನ್ಯಾನ್ಸಿ ಬರ್ಸನ್ ಈ ಕೆಲಸವನ್ನು ಕಂಪ್ಯೂಟರಿಗೆ ತಂದರು. ಮುಖವನ್ನೇ ಎಳೆದು ಬಗ್ಗಿಸುವ ದಾರಿ ಜನರಿಗೆ ಕಂಡಿದ್ದು 1991ರಲ್ಲಿ, ಮೈಕೆಲ್ ಜಾಕ್ಸನ್ ಅವರ ‘ಬ್ಲ್ಯಾಕ್ ಆರ್ ವೈಟ್’ ವಿಡಿಯೊದ ಕೊನೆಯಲ್ಲಿ ಮುಖಗಳು ಒಂದರಿಂದೊಂದಕ್ಕೆ ಹರಿದಾಗ. ಅದರ ಹಿಂದಿನ ತಂತ್ರವನ್ನು ಗ್ರಾಫಿಕ್ಸ್ ತಂತ್ರಜ್ಞರಾದ ಬೈಯರ್ ಮತ್ತು ನೀಲಿ 1992ರಲ್ಲಿ ಪ್ರಕಟಿಸಿದರು. ಹುಬ್ಬಿಗೊಂದು ಗೆರೆ, ಮೂಗಿಗೊಂದು ಗೆರೆ, ಎರಡೂ ಚಿತ್ರಗಳಲ್ಲಿ ಕೈಯಾರೆ ಎಳೆಯಬೇಕು. ಒಂದು ಗೆರೆ ಇನ್ನೊಂದರ ಮೇಲೆ ಬರುವಂತೆ ಸುತ್ತಲಿನ ಚಿತ್ರ ತಾನಾಗೇ ಬಾಗುತ್ತದೆ. ನೋಡಲು ಮ್ಯಾಜಿಕ್, ಮಾಡುವವರಿಗೆ ಬೆನ್ನು ಮುರಿಯುವ ಕೆಲಸ.

ನನ್ನ ಪ್ರಕಾರ ನಿಜವಾದ ತಿರುವು 2014. ಸ್ವೀಡನ್ನಿನ ಇಬ್ಬರು ಸಂಶೋಧಕರು, ಕಾಜೆಮಿ ಮತ್ತು ಸಲಿವನ್, ಒಂದು ಮುಖದ ಮೇಲಿನ ಗುರುತುಗಳನ್ನೆಲ್ಲ ಒಂದು ಮಿಲಿಸೆಕೆಂಡಿನಲ್ಲಿ ಹುಡುಕುವ ವಿಧಾನ ಕೊಟ್ಟರು. ಅದು dlib ಅನ್ನುವ ಉಚಿತ ತಂತ್ರಾಂಶ ಲೈಬ್ರರಿಯೊಳಗೆ ಸೇರಿತು. ಜೊತೆಗೆ ತಯಾರು ಮಾದರಿಯೊಂದು ಸಿಗುತ್ತಿತ್ತು, shape_predictor_68_face_landmarks.dat ಅನ್ನುವ ಫೈಲು. ಕಾಲೇಜು ಹುಡುಗರಿಂದ ಹಿಡಿದು ಆ್ಯಪ್ ಮಾಡುವವರವರೆಗೆ ಎಲ್ಲರೂ ಅದನ್ನೇ ಇಳಿಸಿಕೊಂಡರು. ಆ ಮಾದರಿಯನ್ನು ಕಲಿಸಿದ ಫೋಟೊಗಳ ಲೈಸೆನ್ಸು ವಾಣಿಜ್ಯ ಬಳಕೆಗೆ ಒಪ್ಪುವುದಿಲ್ಲ ಅಂತ ಅಲ್ಲೇ ಬರೆದಿದೆ. ಎಷ್ಟು ಜನ ಓದಿದರೋ!

ಆ ಮಾದರಿ ಹುಡುಕುವ ಗುರುತು ಒಟ್ಟು 68 ಚುಕ್ಕೆ. 0ಯಿಂದ 16 ದವಡೆ ಮತ್ತು ಗದ್ದ, 17ರಿಂದ 26 ಹುಬ್ಬು, 27ರಿಂದ 35 ಮೂಗು, 36ರಿಂದ 47 ಕಣ್ಣುಗಳು, 48ರಿಂದ 67 ಬಾಯಿ. ಇವು ಸಿಕ್ಕ ಮೇಲೆ ಎರಡು ಹಂತ. ಮೊದಲನೆಯದರಲ್ಲಿ ತಿರುಗಿಸಿ, ಸರಿಸಿ, ಹಿಗ್ಗಿಸಿ, ಎಲ್ಲ ಚುಕ್ಕೆಗಳ ಒಟ್ಟು ತಪ್ಪು ಆದಷ್ಟು ಕಡಿಮೆಯಾಗುವಂತೆ ಕೂರಿಸುವುದು. ಇದಕ್ಕೆ ಪ್ರೊಕ್ರಸ್ಟೀಸ್ ವಿಧಾನ ಅನ್ನುತ್ತಾರೆ. ನಮ್ಮ ಲೆಕ್ಕದ ಮುಖಕ್ಕೆ ಎರಡು ಕಣ್ಣು, ಬಾಯಿಯ ಎರಡು ತುದಿ, ಈ ನಾಲ್ಕೇ ಚುಕ್ಕೆ ಇಟ್ಟು, ಬಾಯಿಯ ಅಗಲ ಮೂಲದಲ್ಲಿ 50, ಎದುರು ಫೋಟೊದಲ್ಲಿ 75 ಪಿಕ್ಸೆಲ್ ಅಂದುಕೊಂಡು ಇದನ್ನು ಮಾಡಿದರೆ ಸುಮಾರು 1.4 ಪಟ್ಟು ಹಿಗ್ಗಿಸಬೇಕು ಅಂತ ಬರುತ್ತದೆ. ಆಗ ಒಂದೊಂದು ಕಣ್ಣೂ 5 ಪಿಕ್ಸೆಲ್ ತಪ್ಪಿರುತ್ತದೆ, ಬಾಯಿಯ ತುದಿಗಳು 4. ಅಂದರೆ ತಪ್ಪು ಹೋಗಲಿಲ್ಲ, ಎಲ್ಲರಿಗೂ ಹಂಚಿಕೆಯಾಯಿತು ಅಷ್ಟೇ.

ಉಳಿದ ತಪ್ಪನ್ನು ತೆಗೆಯುವುದು ಎರಡನೇ ಹಂತ. ಚುಕ್ಕೆಗಳನ್ನು ತ್ರಿಕೋನಗಳಾಗಿ ಜೋಡಿಸಿ, ಮೂಲದ ಒಂದೊಂದು ತ್ರಿಕೋನವನ್ನೂ ಎದುರು ಫೋಟೊದ ಅದೇ ತ್ರಿಕೋನದ ಆಕಾರಕ್ಕೆ ಎಳೆಯುವುದು. ಇಲ್ಲಿ ಹೊಸಬರು ಮುಗ್ಗರಿಸುವ ಜಾಗ ಒಂದಿದೆ. ಎರಡೂ ಫೋಟೊಗಳಿಗೆ ಬೇರೆ ಬೇರೆಯಾಗಿ ತ್ರಿಕೋನ ಮಾಡಿಸಿದರೆ ಒಂದರಲ್ಲಿ ಯಾವುದೋ ಮೂರು ಚುಕ್ಕೆ ಸೇರಿ ತ್ರಿಕೋನವಾಗಿರುತ್ತದೆ, ಇನ್ನೊಂದರಲ್ಲಿ ಆಗಿರುವುದೇ ಇಲ್ಲ. ಕೆನ್ನೆಯ ತುಂಡು ಮೂಗಿಗೆ ಬಂದು ಬೀಳುತ್ತದೆ. ಹಾಗಾಗಿ ತ್ರಿಕೋನಗಳನ್ನು ಒಂದು ಸಲ ಮಾತ್ರ ಮಾಡಬೇಕು, ಸಾಮಾನ್ಯವಾಗಿ ಎರಡೂ ಮುಖಗಳ ಸರಾಸರಿ ಚುಕ್ಕೆಗಳ ಮೇಲೆ. ಅದೇ ಪಟ್ಟಿಯನ್ನು ಎರಡಕ್ಕೂ ಬಳಸಬೇಕು.

ಇಷ್ಟಾದ ಮೇಲೆ 68 ಚುಕ್ಕೆ ಅಂದರೆ ಮುಖದ ಪೂರ್ತಿ ನಕ್ಷೆ ಅಂತ ಜನ ನಂಬಿಬಿಟ್ಟರು. ಅಲ್ಲ. ಹುಬ್ಬಿನಿಂದ ಮೇಲಕ್ಕೆ ಒಂದೇ ಒಂದು ಚುಕ್ಕೆ ಇಲ್ಲ, ಹಣೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ಆ ಕಾಲದ ಮುಖ ಬದಲಾವಣೆಗಳಲ್ಲಿ ಹುಬ್ಬಿನ ಮೇಲೆ ಬಣ್ಣದ ಗೆರೆಯೊಂದು ಕಾಣುವುದು ಜಾಸ್ತಿ. ಕಣ್ಣಿನ ಸುತ್ತ ಆರು ಚುಕ್ಕೆ ಇವೆ, ಎಲ್ಲ ರೆಪ್ಪೆಯ ಅಂಚಿನವು, ಪಾಪೆಗೆ ಒಂದೂ ಇಲ್ಲ. ಗಾಲ್ಟನ್ ಅಳತೆಗೆ ಹಿಡಿದದ್ದೇ ಪಾಪೆ, ಅದೇ ಇಲ್ಲಿ ಬಿಟ್ಟುಹೋಗಿದೆ ನೋಡಿ. ಒಬ್ಬರು ಕ್ಯಾಮೆರಾ ನೋಡುತ್ತಿದ್ದು ಇನ್ನೊಬ್ಬರು ಪಕ್ಕಕ್ಕೆ ನೋಡುತ್ತಿದ್ದರೆ ರೆಪ್ಪೆಗಳು ಸರಿಯಾಗೇ ಕೂರುತ್ತವೆ, ಒಳಗೆ ಎರಡು ಪಾಪೆ ಒಂದರ ಮೇಲೊಂದು ಮಸುಕಾಗಿ ಕಾಣುತ್ತವೆ. ಬಾಯಿಯ ಕತೆ ಇನ್ನೂ ಕಷ್ಟ. ಒಬ್ಬರು ಹಲ್ಲು ಬಿಟ್ಟು ನಕ್ಕು, ಇನ್ನೊಬ್ಬರ ತುಟಿ ಮುಚ್ಚಿದ್ದರೆ, ಮುಚ್ಚಿದ ಬಾಯಿಯ ಒಳಗಿನ ತ್ರಿಕೋನಗಳು ಗೆರೆಯಷ್ಟು ಸಪೂರ. ಇಲ್ಲದ ಹಲ್ಲನ್ನು ಎಲ್ಲಿಂದ ಎಳೆಯುವುದು? ತುಟಿಯ ಬಣ್ಣವೇ ಉದ್ದುದ್ದ ಪಟ್ಟೆಯಾಗಿ ಬರುತ್ತದೆ. ಮುಖ ಪಕ್ಕಕ್ಕೆ ತಿರುಗಿದ್ದರೆ ಆಚೆ ದವಡೆಯ ಚುಕ್ಕೆಗಳನ್ನು ಮಾದರಿ ಊಹೆಯಿಂದ ಇಡುತ್ತದೆ, ಕೆಲವು ತ್ರಿಕೋನಗಳು ಮಡಚಿಕೊಳ್ಳುತ್ತವೆ.

ಇವನ್ನೆಲ್ಲ ಬ್ಲೆಂಡಿಂಗ್‌ನಲ್ಲಿ ಮುಚ್ಚಿಹಾಕಬಹುದು ಅನ್ನುವ ಭರವಸೆ ಬಂದಿದ್ದು 2003ರ ಪುವಾಸೊನ್ ಬ್ಲೆಂಡಿಂಗ್‌ನಿಂದ, ಈಗ OpenCV ಅನ್ನುವ ಉಚಿತ ಲೈಬ್ರರಿಯಲ್ಲಿ seamlessClone ಅಂತ ಇರುವುದು. ಅದು ಚರ್ಮದ ಬಣ್ಣವನ್ನು ಅಂಚಿನಿಂದ ಒಳಕ್ಕೆ ಚೆನ್ನಾಗಿ ಹೊಂದಿಸುತ್ತದೆ, ನಿಜ. ಆದರೆ ಬಾಯಿ ಕೆಳಗಿದ್ದರೆ ಕೆಳಗೇ ಇರುತ್ತದೆ, ನಯವಾಗಿ ಕೆಳಗಿರುತ್ತದೆ. ತಪ್ಪು ಕಣ್ಣಿಗೆ ಬೀಳದ ಹಾಗೆ ಮಾಡುವುದು ಬೇರೆ, ಸರಿ ಮಾಡುವುದು ಬೇರೆ ಅಲ್ವಾ. ಬ್ಲೆಂಡ್ ಒತ್ತುವ ಮುಂಚೆ ಎರಡು ಚಿತ್ರಗಳನ್ನು ಸುಮ್ನೆ ಅರ್ಧಕ್ಕೆ ಅರ್ಧ ಬೆರೆಸಿ ದೊಡ್ಡದು ಮಾಡಿ ನೋಡಿದರೆ ಸಾಕು. ಪಾಪೆ, ಮೂಗಿನ ಹೊಳ್ಳೆ, ಬಾಯಿಯ ತುದಿ, ಈ ಮೂರು ಕಡೆ ಜೋಡಿ ಅಂಚು ಕಂಡರೆ ತೊಂದರೆ ಚುಕ್ಕೆಗಳದ್ದೇ.

ಆಮೇಲಿನದು ಬೇಗ ಹೇಳಬಹುದು. 2016ರ ಹೊತ್ತಿಗೆ ಮುಖ ಅದಲುಬದಲು ಫೋನಿನ ಆಟವಾಯಿತು. 2019ರಲ್ಲಿ ಗೂಗಲ್‌ನ ಮೀಡಿಯಾಪೈಪ್ 468 ಚುಕ್ಕೆಗಳ ಬಲೆ ಕೊಟ್ಟಿತು, ಹಣೆಯೂ ಸೇರಿತು. ಮುಂದೆ ಪಾಪೆಗಳಿಗೆ ಹತ್ತು ಚುಕ್ಕೆ ಸೇರಿ 478 ಆಯಿತು. ಡೀಪ್‌ಫೇಕ್ ಬಂದ ಮೇಲೆ ಜೋಡಣೆ ಬೇಡವಾಯಿತು ಅಂತ ಕೆಲವರು ತಿಳಿದಿದ್ದಾರೆ. ಅಲ್ಲೂ ಮುಖವನ್ನು ಚುಕ್ಕೆಗಳ ಮೇಲೆ ನೇರ ಮಾಡಿ, ಕತ್ತರಿಸಿ, ಆಮೇಲೇ ನ್ಯೂರಲ್ ನೆಟ್‌ವರ್ಕ್‌ಗೆ ಕೊಡುವುದು ವಾಡಿಕೆ.

ವಿಷಯ ಗೋಜಲಾಗಿದ್ದು ಪಾಸ್‌ಪೋರ್ಟ್ ವಿಚಾರದಲ್ಲಿ. 2014ರಲ್ಲೇ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಮೂವರು ತೋರಿಸಿದ್ದು ಇದು: ಇಬ್ಬರ ಮುಖವನ್ನು ಸರಿಯಾಗಿ ಜೋಡಿಸಿ ಬೆರೆಸಿದರೆ ಆ ಒಂದೇ ಫೋಟೊ ಇಬ್ಬರದ್ದೂ ಹೌದು ಅಂತ ಮುಖ ಗುರುತಿಸುವ ತಂತ್ರಾಂಶ ಒಪ್ಪಿಕೊಳ್ಳುತ್ತದೆ. ಒಬ್ಬರ ಹೆಸರಿನ ಪಾಸ್‌ಪೋರ್ಟಿನಲ್ಲಿ ಇಬ್ಬರು ಓಡಾಡಬಹುದು. ಕಾರಣ ಜೋಡಣೆಯೇ. ಗುರುತಿಸುವ ತಂತ್ರಾಂಶವೂ ಕಣ್ಣು, ಮೂಗು, ಬಾಯಿಯನ್ನು ತನ್ನ ಚೌಕದಲ್ಲಿ ನಿಗದಿತ ಜಾಗಕ್ಕೆ ತಂದೇ ಹೋಲಿಸುತ್ತದೆ. ಚೆನ್ನಾಗಿ ಜೋಡಿಸಿದ ಬೆರಕೆ ಅಲ್ಲಿ ಎರಡು ಮುಖಗಳ ನಡುವೆ ಎಲ್ಲೋ ಕೂರುತ್ತದೆ, ಇಬ್ಬರಿಗೂ ಹತ್ತಿರ. ನಾಲ್ಕು ವರ್ಷದ ನಂತರ, 2018ರಲ್ಲಿ, ಜರ್ಮನಿಯ ಹೋರಾಟಗಾರರ ಗುಂಪೊಂದು ಯುರೋಪಿಯನ್ ಒಕ್ಕೂಟದ ಆಗಿನ ವಿದೇಶಾಂಗ ಮುಖ್ಯಸ್ಥೆ ಫೆಡೆರಿಕಾ ಮೊಗೆರಿನಿ ಅವರ ಮುಖ ಬೆರೆಸಿದ ಫೋಟೊ ಕೊಟ್ಟು ನಿಜವಾದ ಪಾಸ್‌ಪೋರ್ಟನ್ನೇ ಪಡೆದೆವು ಅಂತ ತೋರಿಸಿತು.

ತಂತ್ರಾಂಶದಿಂದ ಬೆರಕೆ ಹಿಡಿಯುವ ಸಂಶೋಧನೆ ಅಂದಿನಿಂದ ನಡೆಯುತ್ತಲೇ ಇದೆ. ಹುಡುಕುವುದು ಮೇಲೆ ಹೇಳಿದ ಜೋಡಿ ಅಂಚಿನಂಥ ಗುರುತುಗಳನ್ನೇ. ಫೋಟೊವನ್ನು ಒಮ್ಮೆ ಪ್ರಿಂಟ್ ಹಾಕಿ ಮತ್ತೆ ಸ್ಕ್ಯಾನ್ ಮಾಡಿದರೆ ಅವು ಅರ್ಧ ಅಳಿಸಿಹೋಗುತ್ತವೆ. ಅರ್ಜಿದಾರರೇ ತಂದುಕೊಟ್ಟ ಫೋಟೊವನ್ನು ನಂಬುವ ಪದ್ಧತಿ ಇಟ್ಟುಕೊಂಡು ಅಲ್ಗಾರಿದಮ್ ಮೇಲೆ ಭಾರ ಹಾಕುವುದು ಎಷ್ಟು ಸರಿ ಅನ್ನುವ ಪ್ರಶ್ನೆ ಇಲ್ಲಿಯದು. ನಮ್ಮಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೌಂಟರಿನಲ್ಲೇ ದೊಡ್ಡವರ ಫೋಟೊ ತೆಗೆಯುತ್ತಾರೆ, ಆ ಮಟ್ಟಿಗೆ ಈ ಬಾಗಿಲು ಮುಚ್ಚಿದೆ. ಜರ್ಮನಿ 2020ರಲ್ಲಿ ಕಾನೂನು ಬದಲಿಸಿತು, ಜಾರಿಗೆ ಬಂದಿದ್ದು 2025ರ ಮೇ 1ರಿಂದ: ಕಾಗದದ ಫೋಟೊ ಇಲ್ಲ, ಕಚೇರಿಯಲ್ಲೇ ತೆಗೆಯಬೇಕು ಅಥವಾ ನೋಂದಾಯಿತ ಸ್ಟುಡಿಯೊ ಸುರಕ್ಷಿತ ಜಾಲದ ಮೂಲಕ ನೇರ ಕಳಿಸಬೇಕು. ಅದಕ್ಕೂ ಮುಂಚೆ ಕಾಗದದ ಫೋಟೊ ಮೇಲೆ ಕೊಟ್ಟ ಪಾಸ್‌ಪೋರ್ಟುಗಳು ರದ್ದಾಗಿಲ್ಲ. 24 ವರ್ಷ ತುಂಬಿದವರ ಪಾಸ್‌ಪೋರ್ಟಿನ ಅವಧಿ ಅಲ್ಲಿ ಹತ್ತು ವರ್ಷ, ಹಾಗಾಗಿ ಹಳೆ ಫೋಟೊಗಳು 2035ರವರೆಗೂ ಗಡಿ ದಾಟುತ್ತಿರುತ್ತವೆ.