ಮೇಳ ಮುಗಿದ ಮೇಲೆ ಕಳಿಸುವ ಆ ಒಂದು ಮೆಸೇಜು

ಬೆಂಗಳೂರಿನ ಮೇಳದಲ್ಲಿ ಮಳಿಗೆ ಹಾಕಿ ಬಂದವರು ಬದಿಯಡ್ಕದ ನನ್ನ ಆಫೀಸಿಗೆ ಬಂದು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. “ಅರುವತ್ತು ವಿಸಿಟಿಂಗ್ ಕಾರ್ಡು ಸಿಕ್ಕಿತ್ತು. ಎಲ್ಲರಿಗೂ ಕ್ಯಾಟಲಾಗ್ ಕಳಿಸಿದೆ. ಒಬ್ಬರದ್ದೂ ಉತ್ತರ ಇಲ್ಲ.” ಫೋನು ತೆಗೆಸಿ ನೋಡಿದರೆ ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್! ಅದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಮಳಿಗೆಯ ಮುಂದೆ ಮೂರು ನಿಮಿಷ ನಿಂತು ಹೋದವರು ಎಲ್ಲಿ ಸೇವ್ ಮಾಡಿರುತ್ತಾರೆ? ಮೆಸೇಜು ಅವರನ್ನು ತಲುಪಿಯೇ ಇಲ್ಲ.

ತಲುಪಿದ್ದರೂ ಜಾಸ್ತಿ ಪ್ರಯೋಜನ ಇರುತ್ತಿರಲಿಲ್ಲ. “ಭೇಟಿಯಾಗಿ ಸಂತೋಷವಾಯಿತು, ಬೇಕಾದರೆ ತಿಳಿಸಿ” ಎಂದರೆ ಅವರಿಗೆ ನೀವು ಯಾರೆಂದೇ ನೆನಪಾಗುವುದಿಲ್ಲ. ಆ ದಿನ ಅವರು ನೂರು ಮಳಿಗೆ ಸುತ್ತಿರುತ್ತಾರೆ, ಅಲ್ವಾ?

ಅಡಿಕೆ ಹಾಳೆಯ ತಟ್ಟೆ ಮಾಡುವ ಒಬ್ಬರು ಅಕ್ಕ ಕಾರ್ಡುಗಳ ಕಟ್ಟು ತಂದಿದ್ದರು. ಒಂದರ ಹಿಂದೆ ಪೆನ್ನಿನಲ್ಲಿ “ಹುಬ್ಬಳ್ಳಿ, ಬೂಷ್ಟು” ಎಂದಿತ್ತು. ಕೇಳಿದೆ. ಆ ಕಾರ್ಡು ಕೊಟ್ಟವರು ಅಡುಗೆ ಕಾಂಟ್ರಾಕ್ಟರಂತೆ. ಹತ್ತು ಇಂಚಿನ ತಟ್ಟೆಯನ್ನು ಮೂಸಿ ನೋಡಿ, “ಮಳೆಗಾಲದಲ್ಲಿ ಗೋದಾಮಿನಲ್ಲಿಟ್ಟರೆ ಬೂಷ್ಟು ಬರುತ್ತದಲ್ಲ?” ಎಂದಿದ್ದರಂತೆ. ಇಷ್ಟು ಸಿಕ್ಕರೆ ಸಾಕು. ಅಲ್ಲೇ ಕೂತು ಬರೆದೆವು:

“ನಮಸ್ಕಾರ ಸರ್. ಹಾಳೆ ತಟ್ಟೆಗೆ ಮಳೆಗಾಲದಲ್ಲಿ ಬೂಷ್ಟು ಬರುತ್ತದಾ ಅಂತ ಶನಿವಾರ ಮೇಳದಲ್ಲಿ ಕೇಳಿದ್ದಿರಿ. ನಾನು ಬದಿಯಡ್ಕದವಳು. ಪ್ರೆಸ್ ಆದ ಮೇಲೆ ಮತ್ತೆ ಒಣಗಿಸಿ ಕವರ್ ಹಾಕಿದ ಹತ್ತು ತಟ್ಟೆ ಕಳಿಸುತ್ತೇನೆ, ಖರ್ಚು ನನ್ನದು. ಮೂರು ವಾರ ನಿಮ್ಮ ಗೋದಾಮಿನಲ್ಲೇ ಇಟ್ಟು ನೋಡಿ. ವಿಳಾಸ ಕಳಿಸುತ್ತೀರಾ?”

ಅವರ ಪ್ರಶ್ನೆಯನ್ನು ಮೊದಲ ಸಾಲಿಗೆ ತಂದದ್ದಕ್ಕೆ ಕಾರಣ ಇದೆ. ಮೆಸೇಜು ತೆರೆಯುವ ಮೊದಲು ಫೋನಿನಲ್ಲಿ ಕಾಣುವುದು ಅಷ್ಟೇ.

ಅಕ್ಕನಿಗೆ ಸಮಾಧಾನ ಇರಲಿಲ್ಲ. ರೇಟ್ ಪಟ್ಟಿಯೂ ಹಾಕುವ, ಘಟಕ ನೋಡಲು ಬನ್ನಿ ಅನ್ನುವ, ಯಾವಾಗ ಫೋನ್ ಮಾಡಲಿ ಅಂತಲೂ ಕೇಳುವ ಎಂದರು. ಎಲ್ಲರೂ ಜಾರುವುದು ಇಲ್ಲೇ, ಹಾಗಾಗಿ ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಒಂದೇ ಕೇಳಿ. ವಿಳಾಸ ಟೈಪ್ ಮಾಡಲು ಅರ್ಧ ನಿಮಿಷ ಸಾಕು. ನಾಲ್ಕು ಕೇಳಿದರೆ “ಸಂಜೆ ನೋಡುವ” ಎಂದು ಬದಿಗಿಡುತ್ತಾರೆ, ಆ ಸಂಜೆ ಬರುವುದಿಲ್ಲ. ರೇಟನ್ನಂತೂ ಅವರು ಕೇಳಿಯೇ ಇರಲಿಲ್ಲ. ಬೂಷ್ಟಿನ ಭಯ ಹೋಗುವ ಮೊದಲೇ ರೇಟ್ ಕೊಟ್ಟರೆ ಬೇರೆಯವರ ರೇಟಿನ ಪಕ್ಕದಲ್ಲಿಟ್ಟು ನೋಡುತ್ತಾರೆ.

ಆ ರಾತ್ರಿಯೇ ವಿಳಾಸ ಬಂತು. ಮೂರು ವಾರ ಕಳೆದು ರೇಟನ್ನು ಅವರೇ ಕೇಳಿದರು. ಆರ್ಡರ್ ಇನ್ನೂ ಆಗಿಲ್ಲ, ಆಗಿಯೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ.

ಎರಡು ದಿನದೊಳಗೆ ಕಳಿಸಿದರೆ ಒಳ್ಳೆಯದು. ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಏನು ಮಾತಾಡಿದ್ದು ಎಂದು ಮರೆತೇ ಹೋಗಿದ್ದರೆ ಸುಮ್ನೆ ಕಟ್ಟಿ ಬರೆಯಬೇಡಿ. “ನಮ್ಮ ಮಳಿಗೆಯಲ್ಲಿ ಯಾವ ತಟ್ಟೆ ನೋಡಿದ್ದಿರಿ?” ಎಂದು ಕೇಳಿ. ಆಗ ಅದೇ ನಿಮ್ಮ ಒಂದು ಪ್ರಶ್ನೆ.