ಸದ್ದಿದೆ, ಚಿತ್ರವಿಲ್ಲ: ಎಸೆದ ಟಿವಿಯನ್ನು ಮತ್ತೆ ಮಾರುವ ಮುನ್ನ

ಹಳೆ ಟಿವಿ ಕೊಂಡು, ರಿಪೇರಿ ಮಾಡಿ ಮಾರುವ ಕೆಲಸ ಕಲಿಯಲು ಬಂದವರ ಕೈಗೆ ನಾನು ಮೊದಲು ಕೊಡುವುದು ಟಾರ್ಚ್. ಸ್ಕ್ರೂಡ್ರೈವರ್ ಆಮೇಲೆ.

"ಸೌಂಡ್ ಬರುತ್ತೆ, ಪರದೆ ಮಾತ್ರ ಕಪ್ಪು" ಎಂದು ಬಿಸಾಕಿದ ಎಲ್‌ಇಡಿ ಟಿವಿಯನ್ನು ಕತ್ತಲ ಕೋಣೆಯಲ್ಲಿ ಆನ್ ಮಾಡಿ, ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಬೆಳಕು ಬಿದ್ದ ಜಾಗದಲ್ಲಿ ಮಸುಕಾಗಿ ಚಿತ್ರ ಓಡಾಡುತ್ತಿದ್ದರೆ ಪ್ಯಾನೆಲ್ಲೂ ಮೇನ್ ಬೋರ್ಡೂ ಬದುಕಿವೆ ಎಂದರ್ಥ. ಸತ್ತಿರುವುದು ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್. ಪ್ಯಾನೆಲ್ ಒಡೆದಿದ್ದರೆ ಕಥೆಯೇ ಬೇರೆ. ಹೊಸ ಪ್ಯಾನೆಲ್ಲಿನ ಬೆಲೆ ಹೊಸ ಟಿವಿಯ ಹತ್ತಿರಕ್ಕೇ ಹೋಗುವುದರಿಂದ ಅಂಥ ಟಿವಿಯನ್ನು ನಾನು ಬಿಡಿಭಾಗಕ್ಕೆ ಮಾತ್ರ ಕೊಳ್ಳುತ್ತೇನೆ. ಈ ವ್ಯವಹಾರದಲ್ಲಿ ಲಾಭನಷ್ಟ ಹೆಚ್ಚುಪಾಲು ನಿರ್ಧಾರವಾಗುವುದು ಕೊಳ್ಳುವಾಗಿನ ಈ ಎರಡು ನಿಮಿಷದಲ್ಲೇ.

ಮೊದಲ ವರ್ಷ ನಾನು ರಿಪೇರಿ ಮಾಡಿ ಮಾರಿದ ಒಂದು 32 ಇಂಚಿನ ಟಿವಿಯ ವಿಷಯ ಹೇಳುತ್ತೇನೆ. ಅದರೊಳಗೆ ಮೂರು ಎಲ್‌ಇಡಿ ಪಟ್ಟಿಗಳಿದ್ದವು. ಪಟ್ಟಿಗೆ ಏಳು ಎಲ್‌ಇಡಿ, ಒಂದೊಂದೂ ಸುಮಾರು 3 ವೋಲ್ಟಿನದು. ಎಲ್ಲ 21 ಎಲ್‌ಇಡಿಗಳೂ ಒಂದರ ಹಿಂದೆ ಒಂದರಂತೆ ಸಾಲಾಗಿ ಜೋಡಿಸಿದವು. ಹಾಗಾಗಿ ಒಂದು ಕಡಿದುಹೋದರೂ ಕರೆಂಟಿನ ದಾರಿ ಮುಚ್ಚಿ ಅಷ್ಟೂ ಆರುತ್ತವೆ. ಎಲ್‌ಇಡಿ ಟೆಸ್ಟರ್ ಹಿಡಿದಾಗ ಮೊದಲ ಮತ್ತು ಮೂರನೆಯ ಪಟ್ಟಿ ಹೊತ್ತಿಕೊಂಡು 21 ವೋಲ್ಟ್ ತೋರಿಸಿದವು. ನಡುವಿನ ಪಟ್ಟಿ ಹೊತ್ತಲಿಲ್ಲ. ಅದರ ಐದನೆಯ ಎಲ್‌ಇಡಿಯ ಮೇಲಿನ ಲೆನ್ಸ್ ತೆಗೆದರೆ ಹಳದಿ ಮುಖದ ನಡುವೆ ಸಾಸಿವೆ ಕಾಳಿನಷ್ಟು ಕರಿಚುಕ್ಕೆ. ಅದೊಂದನ್ನೇ ಬದಲಿಸಿದೆ, ಟಿವಿ ಬೆಳಗಿತು, ಮಾರಿದೆ.

ಎರಡು ತಿಂಗಳಿಗೆ ಅದು ವಾಪಸ್ ಬಂತು. ಈ ಸಲ ಸತ್ತಿದ್ದು ಮೂರನೆಯ ಪಟ್ಟಿಯ ಇನ್ನೊಂದು ಎಲ್‌ಇಡಿ. ಕೊಂಡ ಹೆಂಗಸು ಬೈಯಲಿಲ್ಲ. "ಹಳೇದು ಅಂದ್ರೆ ಇಷ್ಟೇ ಅಲ್ವಾ?" ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಉಳಿದ ಇಪ್ಪತ್ತೂ ಅಷ್ಟೇ ಗಂಟೆ, ಅದೇ ಕಾವಿನಲ್ಲಿ ಉರಿದವು ಎಂಬುದನ್ನು ನಾನು ಯೋಚಿಸಿರಲೇ ಇಲ್ಲ. ಮನೆಯವರ ಟಿವಿಯನ್ನು ಅವರಿಗೇ ಸರಿಮಾಡಿ ಕೊಡುವಾಗ ಒಂದು ಎಲ್‌ಇಡಿ ಬದಲಿಸುವುದು ಕಡಿಮೆ ಖರ್ಚಿನ ದಾರಿ, ಮುಂದಿನ ಅಪಾಯವನ್ನು ಹೇಳಿಯೇ ಮಾಡಬಹುದು. ಗ್ಯಾರಂಟಿ ಕೊಟ್ಟು ಮಾರುವ ಟಿವಿಗೆ ಪಟ್ಟಿಗಳ ಇಡೀ ಸೆಟ್ಟನ್ನೇ ಬದಲಿಸಬೇಕು.

ಹೊಸ ಸೆಟ್ ಹಾಕಿದರೂ ಮೂಲ ಕಾರಣ ಹಾಗೇ ಉಳಿದಿರುತ್ತದೆ. ಅಂಗಡಿಯ ಸಾಲಿನಲ್ಲಿ ಟಿವಿ ಥಳಥಳಿಸಲಿ ಎಂದು ಎಷ್ಟೋ ಮಾಡೆಲ್‌ಗಳಲ್ಲಿ ಎಲ್‌ಇಡಿಗಳನ್ನು ಅವು ತಾಳುವ ಅಂಚಿನಲ್ಲೇ ಉರಿಸಲಾಗುತ್ತದೆ. ಮೆನುವಿನಲ್ಲಿ ಬ್ಯಾಕ್‌ಲೈಟ್ ತಗ್ಗಿಸಬಹುದು, ಆದರೆ ಯಾರಾದರೂ ರೀಸೆಟ್ ಒತ್ತಿದರೆ ಮತ್ತೆ ಪೂರ್ತಿ ಏರುತ್ತದೆ. ಅದಕ್ಕೇ ನಾನು ಬೋರ್ಡಿನಲ್ಲೇ ಕರೆಂಟ್ ಇಳಿಸುತ್ತೇನೆ. ಬ್ಯಾಕ್‌ಲೈಟ್ ಡ್ರೈವರ್ ಐಸಿಯ ಪಕ್ಕದಲ್ಲಿ ಕರೆಂಟನ್ನು ಅಳೆಯುವ ಪುಟ್ಟ ರೆಸಿಸ್ಟರ್‌ಗಳು ಸಮಾನಾಂತರವಾಗಿ ಕೂತಿರುತ್ತವೆ. ಒಂದೇ ಬೆಲೆಯ ನಾಲ್ಕಿದ್ದು ಒಂದನ್ನು ತೆಗೆದರೆ ಕರೆಂಟ್ ಕಾಲುಭಾಗ ಇಳಿಯುತ್ತದೆ. ಮನೆಯ ಬೆಳಕಿನಲ್ಲಿ ನೋಡುವ ಕಣ್ಣಿಗೆ ಆ ವ್ಯತ್ಯಾಸ ಅಷ್ಟಾಗಿ ತಿಳಿಯದು, ಎಲ್‌ಇಡಿಯ ಕಾವು ಮಾತ್ರ ಚೆನ್ನಾಗಿ ತಗ್ಗುತ್ತದೆ. ಬೋರ್ಡ್ ಮುಟ್ಟುವ ಮೊದಲು ಪ್ಲಗ್ ತೆಗೆದು, ದೊಡ್ಡ ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರ್ ಇಟ್ಟು ನೋಡಲೇಬೇಕು. ಪ್ಲಗ್ ತೆಗೆದ ಮೇಲೂ ಅದರಲ್ಲಿ ನೂರಾರು ವೋಲ್ಟ್ ನಿಂತಿರಬಹುದು.

ಇನ್ನೊಂದು ಚಿಕ್ಕ ವಿಷಯವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಪಟ್ಟಿಗಳು ಹಿಂದಿನ ಲೋಹದ ತಗಡಿಗೆ ಶಾಖ ದಾಟಿಸುವ ಅಂಟುಪಟ್ಟಿಯಿಂದ ಅಂಟಿರುತ್ತವೆ. ಒಮ್ಮೆ ಕಿತ್ತ ಅಂಟು ಮತ್ತೆ ಸರಿಯಾಗಿ ಕೂರುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ಹೊಸ ಥರ್ಮಲ್ ಟೇಪ್ ಹಾಕದಿದ್ದರೆ ಪಟ್ಟಿ ನಡುವೆ ಉಬ್ಬಿ, ಕಾವು ತಗಡಿಗೆ ಇಳಿಯದೆ, ಹೊಸ ಎಲ್‌ಇಡಿಯೂ ಬೇಗ ಸುಡುತ್ತದೆ.

ನಿಜವಾಗಿ ಕೈ ನಡುಗುವುದು ಪ್ಯಾನೆಲ್ ಎತ್ತುವಾಗ. ಗಾಜು ತೀರ ತೆಳುವು, ಅದರ ಅಂಚಿನಿಂದ ಕಾಗದದಂಥ ರಿಬ್ಬನ್‌ಗಳು ಬೋರ್ಡಿಗೆ ಇಳಿದಿರುತ್ತವೆ. ಒಂದು ಹರಿದರೂ ಪರದೆಯಲ್ಲಿ ಗೆರೆಗಳೆದ್ದು ಟಿವಿ ಮಾರಲು ಬಾರದಂತಾಗುತ್ತದೆ. ಇಬ್ಬರು ಸೇರಿ, ರಬ್ಬರ್ ಬಟ್ಟಲುಗಳಿಂದ ಹೀರಿಸಿ ಹಿಡಿದು, ರಿಬ್ಬನ್ ಇರುವ ಅಂಚನ್ನು ಬಾಗಿಸದೆ ಎತ್ತುತ್ತೇವೆ. ಕೆಳಗಿನ ಬಿಳಿ ಹಾಳೆಗಳನ್ನು ತೆಗೆದ ಕ್ರಮದಲ್ಲೇ ಪೇರಿಸಿಡುತ್ತೇವೆ, ಅದಲುಬದಲಾದರೆ ಬೆಳಕು ಮಚ್ಚೆಮಚ್ಚೆಯಾಗುತ್ತದೆ. ಲೆನ್ಸ್ ಕಳಚಿಬಿದ್ದ ಕಡೆ ಚುರುಕಾದ ಬಿಳಿ ಬೊಟ್ಟು ಕಾಣುತ್ತದೆ. ಮುಚ್ಚುವ ಮುನ್ನ ಇವೆಲ್ಲವನ್ನೂ ಬಿಳಿ ಪರದೆ ಹಾಕಿ ನೋಡಿಕೊಂಡರೆ ಮತ್ತೊಮ್ಮೆ ಬಿಚ್ಚುವ ಅಪಾಯ ತಪ್ಪುತ್ತದೆ.

ಜೋಡಿಸಿದ ಟಿವಿ ನಮ್ಮಲ್ಲಿ 24 ಗಂಟೆ ಬಿಡದೆ ಉರಿಯುತ್ತದೆ. ಆಮೇಲೆ ಹಿಂದಿನ ಕವಚದೊಳಗೆ ಒಂದು ಚೀಟಿ ಅಂಟಿಸುತ್ತೇವೆ: ಪಟ್ಟಿ ಬದಲಿಸಿದ ದಿನ, ಪಟ್ಟಿಯ ಮೇಲಿನ ನಂಬರ್, ತೆಗೆದ ರೆಸಿಸ್ಟರ್ ಯಾವುದು, ಈಗಿನ ಕರೆಂಟ್ ಎಷ್ಟು. ಮುಂದೆ ಯಾವ ಅಂಗಡಿಯಲ್ಲಿ ಅದು ಬಿಚ್ಚಿಕೊಂಡರೂ, ಬಿಚ್ಚಿದವರು ಮೊದಲಿನಿಂದ ಹುಡುಕಬೇಕಾಗುವುದಿಲ್ಲ.